ಕಂತೋ ಬಾಡಿಗೆಯೋ: ಹುಬ್ಬಳ್ಳಿಯ ಒಂದು ಮನೆಯ ಹದಿನೈದು ವರ್ಷಗಳ ಲೆಕ್ಕ

2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರಿಸರ್ವ್ ಬ್ಯಾಂಕ್, ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ನಾಲ್ಕು ಬಾರಿ ಇಳಿಸಿತು. ಶೇ 6.5ರಷ್ಟಿದ್ದ ದರ ಶೇ 5.25ಕ್ಕೆ ಬಂದಿತು. ಅದೇ ವರ್ಷದ ಆಗಸ್ಟ್ 31ರಿಂದ ಕರ್ನಾಟಕ ಸರ್ಕಾರ ಆಸ್ತಿ ನೋಂದಣಿ ಶುಲ್ಕವನ್ನು ಶೇ 1ರಿಂದ ಶೇ 2ಕ್ಕೆ ಏರಿಸಿತು. ಸಾಲ ಅಗ್ಗವಾಯಿತು, ನೋಂದಣಿ ದುಬಾರಿಯಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಬಾಡಿಗೆ ಮನೆಯಲ್ಲಿರುವ ನೌಕರ ಕುಟುಂಬಗಳಿಗೆ ಈ ಎರಡು ಸುದ್ದಿಗಳನ್ನು ಕೂಡಿಸಿ ಏನೆಂದು ತಿಳಿಯಬೇಕು ಎಂಬುದೇ ಗೊಂದಲವಾಗಿದೆ. ಬಾಡಿಗೆ ಕಟ್ಟುವ ಹಣದಲ್ಲೇ ಕಂತು ಕಟ್ಟಿರಿ ಎಂದು ಬಿಲ್ಡರುಗಳು ಹೇಳುತ್ತಾರೆ. ಮನೆ ಕೊಳ್ಳುವವನಿಗಿಂತ ಬಾಡಿಗೆಗಿದ್ದು ಹಣ ಹೂಡುವವನೇ ಜಾಣ ಎಂದು ಹೂಡಿಕೆ ಸಲಹೆಗಾರರು ಹೇಳುತ್ತಾರೆ. ಎರಡೂ ಕಡೆಯವರ ಕೈಯಲ್ಲಿ ಒಂದೊಂದು ಕೋಷ್ಟಕವಿದೆ, ಮತ್ತು ಎರಡೂ ಕೋಷ್ಟಕಗಳ ಕೂಡುವಿಕೆ ಸರಿಯಾಗಿಯೇ ಇರುತ್ತದೆ. ವ್ಯತ್ಯಾಸವಿರುವುದು ಯಾವ ಹಣವನ್ನು ಖರ್ಚೆಂದು ಬರೆದುಕೊಂಡರು, ಯಾವುದನ್ನು ಬರೆಯದೇ ಬಿಟ್ಟರು ಎಂಬಲ್ಲಿ.

ಲೆಕ್ಕಕ್ಕೆ ತೆಗೆದುಕೊಂಡ ಮನೆ

ಮಾತು ಗಾಳಿಯಲ್ಲಿ ಉಳಿಯದಿರಲಿ ಎಂದು ಒಂದು ಮನೆಯನ್ನು ಊಹಿಸಿಕೊಳ್ಳೋಣ. ವಿದ್ಯಾನಗರ ಅಥವಾ ಗೋಕುಲ ರಸ್ತೆಯ ಆಸುಪಾಸಿನ ಎರಡು ಕೋಣೆಗಳ, ಕಟ್ಟಿ ಮುಗಿದಿರುವ ಒಂದು ಅಪಾರ್ಟ್‌ಮೆಂಟ್ ಮನೆ. ಬೆಲೆ 60 ಲಕ್ಷ ರೂಪಾಯಿ. ಅದೇ ಕಟ್ಟಡದಲ್ಲಿ ಅಂಥದೇ ಮನೆಯ ಬಾಡಿಗೆ ತಿಂಗಳಿಗೆ 15,000 ರೂಪಾಯಿ, ಡಿಪಾಸಿಟ್ ಒಂದು ಲಕ್ಷ. ಇವು ಲೆಕ್ಕ ತೋರಿಸಲು ಆರಿಸಿಕೊಂಡ ಅಂಕಿಗಳು. ಓದುಗರು ತಮ್ಮ ಓಣಿಯ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟು ನೋಡಬಹುದು. ಆದರೆ ಹೋಲಿಕೆ ಒಂದೇ ದರ್ಜೆಯ ಮನೆಯ ನಡುವೆಯೇ ನಡೆಯಬೇಕು. ಹಳೆಯ ವಠಾರದ 8,000 ರೂಪಾಯಿ ಬಾಡಿಗೆಯನ್ನು ಲಿಫ್ಟ್ ಇರುವ ಹೊಸ ಮನೆಯ ಕಂತಿನೊಂದಿಗೆ ಹೋಲಿಸಿದರೆ ಅಲ್ಲಿ ತೂಗುತ್ತಿರುವುದು ಬಾಡಿಗೆ ಮತ್ತು ಖರೀದಿಯನ್ನಲ್ಲ, ಎರಡು ಬಗೆಯ ಬದುಕನ್ನು.

ಕೊಳ್ಳುವವರು ಮೊದಲ ದಿನವೇ ಹೊಂದಿಸಬೇಕಾದ ಹಣ ಎಷ್ಟು? 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ ಮನೆಯ ಮೌಲ್ಯದ ಶೇ 80. ಆದ್ದರಿಂದ 48 ಲಕ್ಷ ಸಾಲ ಸಿಕ್ಕರೆ 12 ಲಕ್ಷ ಕೈಯಿಂದ ಹೋಗುತ್ತದೆ. ಮುದ್ರಾಂಕ ಮತ್ತು ನೋಂದಣಿಯ ಖರ್ಚನ್ನು ಈ ದರ್ಜೆಯ ಸಾಲದಲ್ಲಿ ಮನೆಯ ಮೌಲ್ಯಕ್ಕೆ ಸೇರಿಸುವಂತಿಲ್ಲವಾದ್ದರಿಂದ ಅದೂ ಕೈಯಿಂದಲೇ ಬರಬೇಕು. 45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅಂದರೆ ಮೂರು ಲಕ್ಷ. ಆ ಶುಲ್ಕದ ಮೇಲೆ ಶೇ 10 ಸೆಸ್ ಮತ್ತು ನಗರ ಪ್ರದೇಶದಲ್ಲಿ ಶೇ 2 ಸರ್‌ಚಾರ್ಜ್ ಸೇರಿ ಇನ್ನು 36,000. ನೋಂದಣಿ ಶುಲ್ಕ ಹೊಸ ದರದಲ್ಲಿ 1.20 ಲಕ್ಷ. ಒಟ್ಟು 4.56 ಲಕ್ಷ. ವಕೀಲರ ಪರಿಶೀಲನೆ, ಬ್ಯಾಂಕಿನ ಸಂಸ್ಕರಣಾ ಶುಲ್ಕ, ಕಪಾಟು, ಫ್ಯಾನು, ಬಣ್ಣ ಎಂದು ಇನ್ನೊಂದು 1.44 ಲಕ್ಷ ಹಿಡಿದರೆ ಮೊದಲ ದಿನದ ಹಣ ಸರಿಯಾಗಿ 18 ಲಕ್ಷವಾಗುತ್ತದೆ. ಕಟ್ಟಿ ಮುಗಿದು ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ಮನೆಯಾದ್ದರಿಂದ ಜಿಎಸ್‌ಟಿ ಇಲ್ಲ. ಇನ್ನೂ ಕಟ್ಟುತ್ತಿರುವ ಮನೆಯಾಗಿದ್ದರೆ ಈ ಬೆಲೆಗೆ ಶೇ 5ರಂತೆ ಮತ್ತೆ ಮೂರು ಲಕ್ಷ ಸೇರುತ್ತಿತ್ತು.

ಎರಡು ಸುದ್ದಿಗಳ ತೂಕ

48 ಲಕ್ಷದ ಸಾಲವನ್ನು ಇಪ್ಪತ್ತು ವರ್ಷಗಳಿಗೆ ಶೇ 9.25ರ ಬಡ್ಡಿಯಲ್ಲಿ ಪಡೆದರೆ ತಿಂಗಳ ಕಂತು ಸುಮಾರು 43,960 ರೂಪಾಯಿ. ರೆಪೊ ಇಳಿಕೆ ಪೂರ್ತಿಯಾಗಿ ಸಾಲಗಾರನಿಗೆ ದಾಟಿ ಬಡ್ಡಿ ಶೇ 8ಕ್ಕೆ ಬಂದರೆ ಕಂತು 40,150ಕ್ಕೆ ಇಳಿಯುತ್ತದೆ. ತಿಂಗಳಿಗೆ 3,800 ರೂಪಾಯಿ ಉಳಿತಾಯ. ಈ ದರ ಹತ್ತು ವರ್ಷ ಹಾಗೆಯೇ ಇದ್ದರೆ, ಉಳಿದ ಹಣದ ಮೇಲಿನ ಗಳಿಕೆ ಮತ್ತು ಬೇಗ ಕರಗುವ ಅಸಲು ಎರಡನ್ನೂ ಸೇರಿಸಿ, ಹತ್ತನೆಯ ವರ್ಷದ ಕೊನೆಗೆ ಸುಮಾರು 7.8 ಲಕ್ಷದ ಅನುಕೂಲವಾಗುತ್ತದೆ. ನೋಂದಣಿ ಶುಲ್ಕದ ಏರಿಕೆಯಿಂದ ಆಗುವ ಹೊರೆ ಇಂದು 60,000. ಅದಕ್ಕೆ ಶೇ 7ರ ಗಳಿಕೆ ಸೇರಿಸಿದರೂ ಹತ್ತು ವರ್ಷಕ್ಕೆ 1.18 ಲಕ್ಷ. ಹಾಗಾಗಿ ಈ ಎರಡು ಸುದ್ದಿಗಳಲ್ಲಿ ಬಡ್ಡಿಯದೇ ದೊಡ್ಡದು, ನೋಂದಣಿಯದು ಚಿಕ್ಕದು.

ಆದರೆ ಆ 'ಹಾಗೆಯೇ ಇದ್ದರೆ' ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರವನ್ನು ಹೊಂದಿಸಬೇಕು. ಇಳಿಕೆ ಬೇಗ ಮುಟ್ಟುವಂತೆ ಏರಿಕೆಯೂ ಬೇಗ ಮುಟ್ಟುತ್ತದೆ. 2022ರ ಮೇನಿಂದ 2023ರ ಫೆಬ್ರವರಿಯೊಳಗೆ ರೆಪೊ ಶೇ 4ರಿಂದ ಶೇ 6.5ಕ್ಕೆ ಏರಿತ್ತು. ಆಗ ಅನೇಕರ ಕಂತು ಏರದೆ ಸಾಲದ ಅವಧಿಯೇ ಸದ್ದಿಲ್ಲದೆ ಉದ್ದವಾಗಿತ್ತು; 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಸಾಲಗಾರರನ್ನು ಕೇಳಬೇಕೆಂದು ಸೂಚಿಸಬೇಕಾಯಿತು. ಗೃಹಸಾಲ ಕಂಪನಿಗಳಿಗೆ ರೆಪೊ ಜೋಡಣೆಯ ಕಡ್ಡಾಯವಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು: ಅಲ್ಲಿ ಸಾಲ ಪಡೆದವರಿಗೆ ರೆಪೊ ಇಳಿದ ಸುದ್ದಿ ಸುದ್ದಿಯಾಗಿಯೇ ಉಳಿಯಬಹುದು. ಈ ಲೇಖನದ ಕೋಷ್ಟಕ ಇಪ್ಪತ್ತು ವರ್ಷವೂ ಶೇ 8 ಎಂದು ಹಿಡಿದಿರುವುದು ಸರಾಸರಿಯೆಂಬ ಅರ್ಥದಲ್ಲಿ ಮಾತ್ರ.

ಚಾಲ್ತಿಯಲ್ಲಿರುವ ಕೋಷ್ಟಕಗಳು ತಪ್ಪುವುದೆಲ್ಲಿ

ಬಾಡಿಗೆಯ ಪರವಾದ ಕೋಷ್ಟಕ ಸಾಮಾನ್ಯವಾಗಿ ಹೀಗಿರುತ್ತದೆ: ಇಪ್ಪತ್ತು ವರ್ಷಗಳ ಕಂತು 96.36 ಲಕ್ಷ, ವರ್ಷಕ್ಕೆ ಶೇ 5 ಏರುವ ಬಾಡಿಗೆಯ ಮೊತ್ತ 59.5 ಲಕ್ಷ, ಆದ್ದರಿಂದ ಬಾಡಿಗೆಯೇ ಅಗ್ಗ. ಖರೀದಿಯ ಪರವಾದ ಕೋಷ್ಟಕ ಇದನ್ನೇ ತಿರುಗಿಸುತ್ತದೆ: 59.5 ಲಕ್ಷ ಮನೆ ಮಾಲೀಕನ ಪಾಲು, ಕೈಯಲ್ಲಿ ಏನೂ ಉಳಿಯಲಿಲ್ಲ. ಕಂತು ಕಟ್ಟಿದವನ ಕೈಯಲ್ಲಿ ಮನೆ ಇದೆ. ಮೊದಲನೆಯದು ಕಂತಿನೊಳಗಿನ ಅಸಲನ್ನು ಖರ್ಚೆಂದು ಬರೆದುಕೊಂಡಿತು. ಅಸಲು ಖರ್ಚಲ್ಲ, ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹೋಗುವ ಹಣ. ಎರಡನೆಯದು ಮೊದಲ ದಿನ ಹಾಕಿದ 18 ಲಕ್ಷ ಬ್ಯಾಂಕಿನಲ್ಲಿಯೋ ಮ್ಯೂಚುವಲ್ ಫಂಡಿನಲ್ಲಿಯೋ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನೂ, ಬಾಡಿಗೆಗಿಂತ ಕಂತು ಹೆಚ್ಚಿರುವಷ್ಟೂ ವರ್ಷ ಬಾಡಿಗೆದಾರನ ಕೈಯಲ್ಲಿ ಉಳಿಯುವ ವ್ಯತ್ಯಾಸವನ್ನೂ ಬರೆಯಲಿಲ್ಲ.

ಇಬ್ಬರ ನಿಜವಾದ ಖರ್ಚನ್ನು ಮೊದಲ ವರ್ಷದ ಮಟ್ಟಿಗೆ ಬಿಡಿಸಿ ನೋಡೋಣ. ಕೊಂಡವರು ಆ ವರ್ಷ 4.82 ಲಕ್ಷ ಕಂತು ಕಟ್ಟುತ್ತಾರೆ, ಅದರಲ್ಲಿ ಬಡ್ಡಿ 3.80 ಲಕ್ಷ, ಅಸಲು ಒಂದು ಲಕ್ಷದ ಆಸುಪಾಸು. 18 ಲಕ್ಷದ ಮೇಲೆ ಶೇ 7ರಂತೆ ಕಳೆದುಕೊಂಡ ಗಳಿಕೆ 1.26 ಲಕ್ಷ. ಮನೆಪಟ್ಟಿ, ರಿಪೇರಿ, ವಿಮೆ ಸೇರಿ 36,000. ಒಟ್ಟು 5.42 ಲಕ್ಷ. ಮನೆಯ ಬೆಲೆ ಶೇ 6ರಷ್ಟು ಏರಿದರೆ ಅದರಿಂದ 3.60 ಲಕ್ಷ ಕಳೆಯಬೇಕು, ಉಳಿಯುವುದು 1.82 ಲಕ್ಷ. ಬಾಡಿಗೆದಾರನ ಖರ್ಚು 1.80 ಲಕ್ಷ ಬಾಡಿಗೆ, ಮೂರು ನಾಲ್ಕು ವರ್ಷಕ್ಕೊಮ್ಮೆ ಮನೆ ಬದಲಿಸುವಾಗಿನ ಸಾಗಣೆ ಮತ್ತು ದಲಾಲಿಯನ್ನು ವರ್ಷಕ್ಕೆ ಹಂಚಿದರೆ 12,000, ಡಿಪಾಸಿಟ್ ಮೇಲೆ ತಪ್ಪಿದ ಗಳಿಕೆ 7,000; ಸುಮಾರು 1.99 ಲಕ್ಷ. ತಿಂಗಳ ನಿರ್ವಹಣಾ ಶುಲ್ಕವನ್ನು ಇಬ್ಬರೂ ಕಟ್ಟುವುದರಿಂದ ಅದನ್ನು ಎರಡೂ ಕಡೆ ಬಿಟ್ಟಿದೆ.

ಕಂತು 40,000, ಬಾಡಿಗೆ 15,000 ಎಂದು ಕಣ್ಣಿಗೆ ಕಾಣುವ ಅಂತರ ಹೀಗೆ ಬಿಡಿಸಿದಾಗ ವರ್ಷಕ್ಕೆ 17,000 ರೂಪಾಯಿಗೆ ಕುಗ್ಗುತ್ತದೆ, ಅದೂ ಕೊಂಡವರ ಪರವಾಗಿ. ಹಾಗಾದರೆ ಕೊಳ್ಳುವುದೇ ಸರಿಯೆ? ಅಲ್ಲ, ಏಕೆಂದರೆ ಮೊದಲ ದಿನದ 18 ಲಕ್ಷದಲ್ಲಿ ಆರು ಲಕ್ಷ ಮನೆಯ ಮೌಲ್ಯದೊಳಗೆ ಸೇರಲೇ ಇಲ್ಲ. ಅದು ಉಪನೋಂದಣಿ ಕಚೇರಿಯಲ್ಲಿ, ವಕೀಲರ ಬಳಿ, ಬಣ್ಣದ ಅಂಗಡಿಯಲ್ಲಿ ಮುಗಿದುಹೋದ ಹಣ. ಮಾರುವಾಗ ದಲಾಲಿ ಮತ್ತಿತರ ಖರ್ಚಿಗೆ ಶೇ 2 ಮತ್ತೆ ಹೋಗುತ್ತದೆ. ವರ್ಷಕ್ಕೆ ಹದಿನೇಳು ಸಾವಿರದಂತೆ ಈ ಹಳ್ಳ ತುಂಬುವುದು ಎಂದೋ. ಅದು ತುಂಬುವುದು ಇನ್ನೊಂದು ಕಾರಣದಿಂದ: ಬಾಡಿಗೆ ವರ್ಷವರ್ಷ ಏರುತ್ತದೆ, ಕಂತು ಏರುವುದಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿದಾಗಲೆಲ್ಲ ಶೇ 5 ಸೇರುತ್ತ ಹೋದರೆ ಇಂದಿನ 15,000 ಹತ್ತು ವರ್ಷದ ಬಳಿಕ 24,400 ಆಗಿರುತ್ತದೆ. ಹೀಗಾಗಿ ಖರೀದಿಯ ಲಾಭ ಮೊದಲ ವರ್ಷಗಳಲ್ಲಿ ಕಾಣುವುದಿಲ್ಲ, ಕೊನೆಯ ವರ್ಷಗಳಲ್ಲಿ ಗುಡ್ಡೆಯಾಗುತ್ತದೆ. ಬಹುವರ್ಷಗಳ ಕೋಷ್ಟಕ ಬೇಕಾಗುವುದು ಈ ಕಾರಣಕ್ಕೇ.

ಹದಿನೈದು ವರ್ಷಗಳ ಕೋಷ್ಟಕ

ಕೆಳಗಿನ ಲೆಕ್ಕದಲ್ಲಿ ಇಬ್ಬರೂ ಪ್ರತಿ ತಿಂಗಳು ಒಟ್ಟು ಒಂದೇ ಮೊತ್ತವನ್ನು ವಿನಿಯೋಗಿಸುತ್ತಾರೆ. ಕೊಂಡವರು ಕಂತು ಮತ್ತು ಮನೆಯ ಖರ್ಚು ಕಟ್ಟುತ್ತಾರೆ. ಬಾಡಿಗೆದಾರ ಮೊದಲ ದಿನದ 18 ಲಕ್ಷದಲ್ಲಿ ಡಿಪಾಸಿಟ್ ಕೊಟ್ಟು ಉಳಿದ 17 ಲಕ್ಷವನ್ನು ಹೂಡುತ್ತಾನೆ, ಬಳಿಕ ಪ್ರತಿ ತಿಂಗಳು ಬಾಡಿಗೆ ಕಟ್ಟಿ ಮಿಕ್ಕಿದ್ದನ್ನೂ ಹೂಡುತ್ತಾನೆ. ಹೂಡಿಕೆಯ ಗಳಿಕೆ ತೆರಿಗೆ ಕಳೆದು ಶೇ 7. ಕೊಂಡವರ ಸಂಪತ್ತೆಂದರೆ ಮನೆ ಮಾರಿದಾಗ ಬರುವ ಹಣದಿಂದ ಬಾಕಿ ಸಾಲವನ್ನು ಕಳೆದು ಉಳಿಯುವುದು. ಮೊತ್ತಗಳು ಲಕ್ಷ ರೂಪಾಯಿಗಳಲ್ಲಿವೆ.

| | 5 ವರ್ಷದ ಕೊನೆಗೆ | 10 ವರ್ಷದ ಕೊನೆಗೆ | 15 ವರ್ಷದ ಕೊನೆಗೆ |
|---|---|---|---|
| ಬಾಕಿ ಸಾಲ | 42.0 | 33.1 | 19.8 |
| ಕೊಂಡವರ ಸಂಪತ್ತು, ಮನೆ ಬೆಲೆ ವರ್ಷಕ್ಕೆ ಶೇ 4 ಏರಿದರೆ | 29.5 | 53.9 | 86.1 |
| ಕೊಂಡವರ ಸಂಪತ್ತು, ಶೇ 6 ಏರಿದರೆ | 36.7 | 72.2 | 121.1 |
| ಕೊಂಡವರ ಸಂಪತ್ತು, ಶೇ 8 ಏರಿದರೆ | 44.4 | 93.9 | 166.7 |
| ಬಾಡಿಗೆದಾರನ ಸಂಪತ್ತು | 43.3 | 76.0 | 118.3 |

ಶೇ 6ರ ಸಾಲನ್ನು ಹಿಡಿದು ನೋಡಿದರೆ ಐದನೆಯ ವರ್ಷದಲ್ಲಿ ಬಾಡಿಗೆದಾರ ಆರೂವರೆ ಲಕ್ಷ ಮುಂದಿದ್ದಾನೆ, ಹತ್ತನೆಯ ವರ್ಷದಲ್ಲಿಯೂ ಸುಮಾರು ನಾಲ್ಕು ಲಕ್ಷ ಮುಂದಿದ್ದಾನೆ. ಹದಿನಾಲ್ಕನೆಯ ವರ್ಷದಲ್ಲಿ ಕೊಂಡವರು ಅವನನ್ನು ದಾಟುತ್ತಾರೆ. ಶೇ 8ರಲ್ಲಿ ಐದು ವರ್ಷಕ್ಕೇ ದಾಟಿಯಾಗಿದೆ. ಶೇ 4ರಲ್ಲಿ ಹದಿನೈದು ವರ್ಷವಾದರೂ 32 ಲಕ್ಷದ ಅಂತರ ಉಳಿದಿದೆ, ಅದು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಲೇ ಇದೆ. ಬೇರೆ ಯಾವ ಅಂಕಿಯನ್ನೂ ಮುಟ್ಟದೆ ಬೆಲೆ ಏರಿಕೆಯ ಒಂದು ಅಂದಾಜನ್ನು ಎರಡು ಅಂಶ ಆಚೀಚೆ ಮಾಡಿದರೆ ತೀರ್ಪೇ ತಿರುಗಿಬೀಳುತ್ತದೆ. ಆದ್ದರಿಂದ ಯಾರಾದರೂ ಇಂಥ ಕೋಷ್ಟಕ ತೋರಿಸಿದರೆ ಕೊನೆಯ ಸಾಲನ್ನು ಓದುವ ಮೊದಲು, ಬೆಲೆ ಏರಿಕೆಯನ್ನು ಎಷ್ಟೆಂದು ಹಿಡಿದಿದ್ದಾರೆ ಎಂದು ಕೇಳಬೇಕು. ಆ ಅಂಕಿ ಎಲ್ಲೂ ಬರೆದಿರದಿದ್ದರೆ ಆ ಹಾಳೆಯನ್ನು ಮಡಚಿಡುವುದೇ ಒಳ್ಳೆಯದು.

ಆ ಅಂಕಿಯನ್ನು ಊಹಿಸುವುದು ಹೇಗೆ? ಸರ್ಕಾರದ ಮಾರ್ಗಸೂಚಿ ದರ ಇದಕ್ಕೆ ಒದಗುವುದಿಲ್ಲ. ಅದು ವರ್ಷಗಳ ಕಾಲ ನಿಂತಲ್ಲೇ ನಿಂತು ಒಮ್ಮೆಲೇ ಜಿಗಿಯುತ್ತದೆ. 2023ರ ಅಕ್ಟೋಬರ್‌ನಲ್ಲಿ ಆದ ಪರಿಷ್ಕರಣೆ ಹಾಗೆಯೇ ಆಯಿತು. ಆ ಜಿಗಿತ ಶುಲ್ಕದ ಲೆಕ್ಕದ್ದು, ಪೇಟೆಯ ಬೆಲೆಯದಲ್ಲ. ಹೊಸ ಅಪಾರ್ಟ್‌ಮೆಂಟಿನ ಚದರಡಿ ದರ ಹತ್ತು ವರ್ಷದಲ್ಲಿ ಎಷ್ಟು ಏರಿತೆಂಬುದೂ ಸರಿಯಾದ ಅಳತೆಯಲ್ಲ, ಏಕೆಂದರೆ ನೀವು ಹತ್ತು ವರ್ಷದ ಬಳಿಕ ಮಾರುವುದು ಹೊಸ ಮನೆಯನ್ನಲ್ಲ, ಹತ್ತು ವರ್ಷ ಹಳೆಯ ಮನೆಯನ್ನು. ಅದೇ ಬಡಾವಣೆಯಲ್ಲಿ ಹತ್ತು ಹನ್ನೆರಡು ವರ್ಷದ ಹಿಂದೆ ಕಟ್ಟಿದ ಕಟ್ಟಡದ ಮನೆ ಅಂದು ಯಾವ ಬೆಲೆಗೆ ಹೋಗಿತ್ತು, ಇಂದು ಯಾವ ಬೆಲೆಗೆ ನಿಜವಾಗಿ ಕೈಬದಲಾಯಿತು ಎಂದು ವಿಚಾರಿಸಬೇಕು. ಮಾಲೀಕರು ಕೇಳುವ ಬೆಲೆ ಬೇರೆ, ವ್ಯವಹಾರ ಮುಗಿದ ಬೆಲೆ ಬೇರೆ. ಬೆಲೆ ಏರುವುದು ಮುಖ್ಯವಾಗಿ ನೆಲದ್ದು. ಗೋಡೆ, ಪೈಪು, ಲಿಫ್ಟು ಸವೆಯುತ್ತವೆ. ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಪಾಲಿಗೆ ಬರುವ ನೆಲ ಕಡಿಮೆ ಇರುವುದರಿಂದ, ಪ್ಲಾಟಿನ ಬೆಲೆ ಏರಿದ ವೇಗವನ್ನು ಅದಕ್ಕೆ ಅಂಟಿಸುವುದು ಈ ಭಾಗದ ಕೋಷ್ಟಕಗಳಲ್ಲಿ ಕಾಣುವ ಸಾಮಾನ್ಯ ದೋಷ.

ಬಾಡಿಗೆ ಐದು ಸಾವಿರ ಹೆಚ್ಚಾದರೆ

ಬೆಲೆ ಏರಿಕೆ ಊಹೆಯ ಮಾತು. ಆದರೆ ತೀರ್ಪನ್ನು ಅಷ್ಟೇ ಬಲವಾಗಿ ಎಳೆಯುವ ಇನ್ನೊಂದು ಅಂಕಿ ಇಂದೇ ತಿಳಿಯುವಂಥದು. ಮನೆಯ ಬೆಲೆಯನ್ನು ಅಂಥದೇ ಮನೆಯ ಒಂದು ವರ್ಷದ ಬಾಡಿಗೆಯಿಂದ ಭಾಗಿಸಿದರೆ ನಮ್ಮ ಉದಾಹರಣೆಯಲ್ಲಿ 33 ಬರುತ್ತದೆ. 60 ಲಕ್ಷದ ಅದೇ ಮನೆಯ ಬಾಡಿಗೆ 20,000 ಆಗಿದ್ದರೆ ಈ ಸಂಖ್ಯೆ 25ಕ್ಕೆ ಇಳಿಯುತ್ತದೆ. ಆಗ ಬಾಡಿಗೆದಾರನ ಕೈಯಲ್ಲಿ ಪ್ರತಿ ತಿಂಗಳು ಉಳಿಯುವುದು ಕಡಿಮೆಯಾಗಿ ಹತ್ತನೆಯ ವರ್ಷದಲ್ಲಿ ಅವನ ಸಂಪತ್ತು 76 ಲಕ್ಷದ ಬದಲು 65.5 ಲಕ್ಷವಾಗುತ್ತದೆ. ಶೇ 6ರ ಏರಿಕೆಯಲ್ಲಿಯೇ ಕೊಂಡವರು ಹದಿನಾಲ್ಕನೆಯ ವರ್ಷದ ಬದಲು ಏಳನೆಯ ವರ್ಷದಲ್ಲಿ ಅವನನ್ನು ದಾಟುತ್ತಾರೆ. ಐದು ಸಾವಿರ ಬಾಡಿಗೆಗೆ ಏಳು ವರ್ಷ!

ಹುಬ್ಬಳ್ಳಿ-ಧಾರವಾಡದೊಳಗೇ ಈ ಸಂಖ್ಯೆ ಬಡಾವಣೆಗೊಂದರಂತೆ ಬದಲಾಗುತ್ತದೆ. ಕಾಲೇಜು, ಆಸ್ಪತ್ರೆ, ಕೋರ್ಟಿಗೆ ಹತ್ತಿರದ ಕಡೆ ಬಾಡಿಗೆಗೆ ಬರುವವರು ಸದಾ ಇರುತ್ತಾರೆ, ಆದ್ದರಿಂದ ಬೆಲೆಗೆ ತಕ್ಕ ಬಾಡಿಗೆ ನಿಲ್ಲುತ್ತದೆ. ಊರ ಅಂಚಿನ ಹೊಸ ಬಡಾವಣೆಗಳಲ್ಲಿ ಮುಂದೆ ಬೆಳೆಯುತ್ತದೆಂಬ ನಂಬಿಕೆಯಿಂದ ಬೆಲೆ ಏರಿರುತ್ತದೆ, ಆದರೆ ಇಂದು ಅಲ್ಲಿ ವಾಸಕ್ಕೆ ಬರುವವರು ಕಡಿಮೆಯಾದ್ದರಿಂದ ಬಾಡಿಗೆ ಏರಿರುವುದಿಲ್ಲ. ಗದಗ ಮತ್ತು ಹಾವೇರಿಯಲ್ಲಿಯೂ ಇದೇ ಪರೀಕ್ಷೆ ನಡೆಯುತ್ತದೆ. ಸಂಖ್ಯೆ 35 ದಾಟಿದ ಕಡೆ ಮನೆ ಕೊಳ್ಳುವವರು ವಾಸಕ್ಕೆ ಕೊಡುವ ಬೆಲೆಗಿಂತ ಹೆಚ್ಚಾಗಿ ಮುಂದಿನ ಏರಿಕೆಯ ನಿರೀಕ್ಷೆಗೆ ಬೆಲೆ ತೆರುತ್ತಿದ್ದಾರೆ ಎಂದು ತಿಳಿಯಬೇಕು. ಆ ನಿರೀಕ್ಷೆ ತಪ್ಪೇನಲ್ಲ, ಆದರೆ ಅದನ್ನು ಸೂರಿನ ಅಗತ್ಯವೆಂದು ಕರೆದುಕೊಳ್ಳಬಾರದು.

ಉಳಿಸಿದ ಹಣ ನಿಜವಾಗಿಯೂ ಉಳಿಯುತ್ತದೆಯೆ

ಬಾಡಿಗೆದಾರನ ಸಾಲಿನಲ್ಲಿರುವ 76 ಲಕ್ಷದ ಹಿಂದೆ ಒಂದು ಕಠಿಣ ಷರತ್ತಿದೆ. ಮೊದಲ ವರ್ಷ ಅವನು ತಿಂಗಳಿಗೆ 27,000 ರೂಪಾಯಿಯಷ್ಟನ್ನು, ಹತ್ತನೆಯ ವರ್ಷದಲ್ಲಿಯೂ 20,000ದಷ್ಟನ್ನು ತಪ್ಪದೆ ಹೂಡಬೇಕು. ಮದುವೆ, ಆಸ್ಪತ್ರೆ, ಹೊಸ ಕಾರು ಏನೇ ಬಂದರೂ ಮುಟ್ಟಬಾರದು. ತಿಂಗಳ ವ್ಯತ್ಯಾಸದಲ್ಲಿ ಅರ್ಧವನ್ನು ಮಾತ್ರ ಹೂಡಿ ಉಳಿದರ್ಧ ಖರ್ಚಾದರೆ ಹತ್ತನೆಯ ವರ್ಷದ 76 ಲಕ್ಷ 55 ಲಕ್ಷಕ್ಕೆ ಇಳಿಯುತ್ತದೆ. ಏನನ್ನೂ ಹೂಡದಿದ್ದರೆ, ಮೊದಲ ದಿನದ ಹಣ ಬೆಳೆದದ್ದು ಮತ್ತು ಡಿಪಾಸಿಟ್ ಸೇರಿ 34 ಲಕ್ಷ. ಶೇ 4ರಷ್ಟೇ ಏರಿದ ಮನೆಯನ್ನು ಕೊಂಡವರೂ ಆಗ ಅವನಿಗಿಂತ ಬಹಳ ಮುಂದಿರುತ್ತಾರೆ.

ಖರೀದಿಯ ಪರವಾಗಿರುವವರ ವಾದದಲ್ಲಿ ಗಟ್ಟಿಯಾದ ಭಾಗ ಇದೇ. ಕಂತು ಕಟ್ಟದಿದ್ದರೆ ಬ್ಯಾಂಕಿನಿಂದ ನೋಟಿಸು ಬರುತ್ತದೆ. ಹೂಡಿಕೆ ನಿಲ್ಲಿಸಿದರೆ ಯಾರೂ ಕೇಳುವುದಿಲ್ಲ. ಇದಕ್ಕೆ ಪ್ರತಿಯಾಗಿ ಇನ್ನೊಂದನ್ನು ಹೇಳಬೇಕು. 40,000 ಕಂತು ಕಟ್ಟಲು ತಿಂಗಳ ಕೈಗೆ ಬರುವ ಸಂಬಳ 90,000ದಿಂದ ಒಂದು ಲಕ್ಷದ ಆಸುಪಾಸಿನಲ್ಲಿರಬೇಕು, ಏಕೆಂದರೆ ಬ್ಯಾಂಕುಗಳು ಸಾಮಾನ್ಯವಾಗಿ ಎಲ್ಲ ಸಾಲಗಳ ಕಂತೂ ಸೇರಿ ಆದಾಯದ ಅರ್ಧ ಮೀರದಂತೆ ನೋಡುತ್ತವೆ. 55,000 ಸಂಬಳದವರಿಗೆ ಈ ಕೋಷ್ಟಕದ ಎರಡೂ ಸಾಲುಗಳು ಅನ್ವಯಿಸುವುದಿಲ್ಲ: ಅವರು ಇಷ್ಟು ಕಂತನ್ನೂ ಕಟ್ಟಲಾರರು, ಇಷ್ಟು ಹೂಡಿಕೆಯನ್ನೂ ಮಾಡಲಾರರು. ಅವರು ಚಿಕ್ಕ ಮನೆಯ ಬೆಲೆ ಮತ್ತು ಅದರ ಬಾಡಿಗೆಯಿಂದ ಬೇರೆ ಕೋಷ್ಟಕವನ್ನೇ ಮಾಡಿಕೊಳ್ಳಬೇಕು.

ತೆರಿಗೆಯ ಕಂಬಸಾಲು

ಹಳೆಯ ಕೋಷ್ಟಕಗಳಲ್ಲಿ ಗೃಹಸಾಲದ ಬಡ್ಡಿಯ ಮೇಲಿನ ತೆರಿಗೆ ಉಳಿತಾಯಕ್ಕೆ ದೊಡ್ಡ ಸ್ಥಾನವಿತ್ತು. ಹಳೆಯ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ವರ್ಷಕ್ಕೆ ಎರಡು ಲಕ್ಷದವರೆಗಿನ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು. ಶೇ 30ರ ಹಂತದಲ್ಲಿರುವವರಿಗೆ ಸೆಸ್ ಸೇರಿ 62,400 ರೂಪಾಯಿ ಉಳಿಯುತ್ತದೆ. ಆದರೆ ಈಗ ತಾನಾಗಿ ಅನ್ವಯಿಸುವುದು ಹೊಸ ತೆರಿಗೆ ಪದ್ಧತಿ. ಅದರಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ಈ ವಿನಾಯಿತಿಯಿಲ್ಲ, ಬಾಡಿಗೆದಾರನಿಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿಯೂ ಇಲ್ಲ. ಎರಡೂ ಕಡೆಯಿಂದ ತೆರಿಗೆ ಹೊರಬಿದ್ದಿರುವುದರಿಂದ ಮೇಲಿನ ಲೆಕ್ಕದಲ್ಲಿ ಅದನ್ನು ಬಿಟ್ಟಿದೆ. ಹಳೆಯ ಪದ್ಧತಿಯಲ್ಲೇ ಉಳಿದವರು ಎರಡನ್ನೂ ಬರೆದುಕೊಳ್ಳಬೇಕು. ಕೊಂಡವರ 62,400ನ್ನು ಬರೆದು ಬಾಡಿಗೆದಾರನ ಭತ್ಯೆಯನ್ನು ಮರೆಯುವ ಕೋಷ್ಟಕಗಳೇ ಹೆಚ್ಚು. ಮನೆ ಮಾರಿದಾಗಿನ ಲಾಭಕ್ಕೆ, ಎರಡು ವರ್ಷ ಮೀರಿ ಇಟ್ಟುಕೊಂಡಿದ್ದರೆ, ಶೇ 12.5 ತೆರಿಗೆಯಿದೆ. ನಿಯಮದ ಅವಧಿಯೊಳಗೆ ಆ ಲಾಭದಿಂದ ಇನ್ನೊಂದು ಮನೆ ಕೊಂಡರೆ ಅದು ತಪ್ಪುತ್ತದೆ ಎಂದು ಇಲ್ಲಿ ಹಿಡಿದಿದೆ. ಮಾರಿ ಹಣವನ್ನು ಬೇರೆಡೆ ಇಡುವವರು ಶೇ 6ರ ಏರಿಕೆಯಲ್ಲಿ ಹತ್ತನೆಯ ವರ್ಷದ ಸಂಪತ್ತಿನಿಂದ ಐದು ಲಕ್ಷವನ್ನು ಕಳೆಯಬೇಕಾಗುತ್ತದೆ.

ಪ್ಲಾಟು ಕೊಂಡು ಕಟ್ಟಿಸುವವರ ಲೆಕ್ಕ

ಈ ಭಾಗದಲ್ಲಿ ಅನೇಕರಿಗೆ ಸ್ವಂತ ಮನೆಯೆಂದರೆ ಅಪಾರ್ಟ್‌ಮೆಂಟಲ್ಲ, ಪ್ಲಾಟು ಕೊಂಡು ಕಟ್ಟಿಸಿದ ಮನೆ. ಅಲ್ಲಿ ಮುದ್ರಾಂಕ ಮತ್ತು ನೋಂದಣಿ ಶುಲ್ಕ ಪ್ಲಾಟಿನ ಬೆಲೆಗೆ ಮಾತ್ರ ಬೀಳುತ್ತದೆ, ನೆಲದ ಪಾಲೂ ಹೆಚ್ಚಿರುತ್ತದೆ, ಇವೆರಡೂ ಅನುಕೂಲ. ಆದರೆ ಸಿದ್ಧ ಕೋಷ್ಟಕಗಳಲ್ಲಿ ಇಲ್ಲದ ಒಂದು ಖರ್ಚು ಅಲ್ಲಿದೆ. ಕಟ್ಟಡ ಏಳುವ ಒಂದು ವರ್ಷ ಕುಟುಂಬ ಬಾಡಿಗೆ ಮನೆಯಲ್ಲೇ ಇರಬೇಕು, ಹಂತಹಂತವಾಗಿ ಬಿಡುಗಡೆಯಾದ ಸಾಲದ ಬಡ್ಡಿಯನ್ನೂ ಕಟ್ಟಬೇಕು. 48 ಲಕ್ಷದ ಸಾಲದಲ್ಲಿ ಆ ವರ್ಷ ಸರಾಸರಿ ಅರ್ಧ ಬಿಡುಗಡೆಯಾಗಿದೆಯೆಂದರೆ ಬಡ್ಡಿ 1.92 ಲಕ್ಷ, ಬಾಡಿಗೆ 1.80 ಲಕ್ಷ. ಈ 3.72 ಲಕ್ಷವನ್ನೂ ಮೊದಲ ದಿನದ ಹಣದ ಪಕ್ಕದಲ್ಲಿ ಬರೆಯಬೇಕು. ಕೆಲಸ ಆರು ತಿಂಗಳು ತಡವಾದರೆ ಅದು ಇನ್ನೂ ಬೆಳೆಯುತ್ತದೆ, ಮತ್ತು ಆ ಆರು ತಿಂಗಳಿಗೆ ಪೂರ್ತಿ ಸಾಲದ ಬಡ್ಡಿಯೇ ಬೀಳುತ್ತದೆ.

ಕಾಗದಪತ್ರಗಳ ವಿಷಯವೂ ಇಲ್ಲಿ ಲೆಕ್ಕದ ವಿಷಯವೇ. ಮಾರುವ ದಿನ ಪೂರ್ತಿ ಬೆಲೆ ಸಿಗುತ್ತದೆಂಬುದರ ಮೇಲೆ ಕೋಷ್ಟಕ ನಿಂತಿದೆ. ಸಿಟಿ ಸರ್ವೆ ಉತಾರ, ಬಡಾವಣೆಯ ಅನುಮೋದನೆ, ಪಾಲಿಕೆಯ ಇ-ಖಾತಾ, ಋಣಭಾರ ಪ್ರಮಾಣಪತ್ರ ಇವು ಒಂದಕ್ಕೊಂದು ಹೊಂದದಿದ್ದರೆ ಅಥವಾ ಆಸ್ತಿ ಬಿ-ಖಾತಾದ್ದಾಗಿದ್ದರೆ, ಮುಂದೆ ಕೊಳ್ಳುವವರಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಸಾಲವಿಲ್ಲದೆ ಕೊಳ್ಳಬಲ್ಲವರು ಕಡಿಮೆ, ಅವರು ಬೆಲೆಯನ್ನು ಇಳಿಸಿಯೇ ಕೇಳುತ್ತಾರೆ. ಬಿ-ಖಾತಾದ ಆಸ್ತಿ ಇಂದು ಅಗ್ಗವಾಗಿ ಕಾಣುವುದಕ್ಕೂ ಕಾರಣ ಇದೇ.

ವರ್ಗಾವಣೆಯ ಪ್ರಶ್ನೆ

ರೈಲ್ವೆ, ಬ್ಯಾಂಕು, ವಿದ್ಯುತ್ ಕಂಪನಿ, ನ್ಯಾಯಾಂಗ ಮತ್ತು ಸರ್ಕಾರಿ ಇಲಾಖೆಗಳ ನೌಕರರು ಹೆಚ್ಚಿರುವ ಈ ಅವಳಿ ನಗರದಲ್ಲಿ ಕೋಷ್ಟಕದ ಐದನೆಯ ವರ್ಷದ ಕಂಬಸಾಲು ಬಹಳ ಮಂದಿಗೆ ಅನ್ವಯಿಸುತ್ತದೆ, ಮತ್ತು ಅಲ್ಲಿಯೇ ಖರೀದಿ ದುರ್ಬಲವಾಗಿದೆ. ಐದನೆಯ ವರ್ಷ ವರ್ಗಾವಣೆಯಾದರೆ ಮಾರದೆ ಬಾಡಿಗೆಗೆ ಕೊಟ್ಟರಾಯಿತು, ಬಾಡಿಗೆಯೇ ಕಂತನ್ನು ನೋಡಿಕೊಳ್ಳುತ್ತದೆ ಎಂಬ ಸಮಾಧಾನ ಸಾಮಾನ್ಯ. ಆರನೆಯ ವರ್ಷದ ಮೊದಲ ತಿಂಗಳನ್ನು ತೆಗೆದುಕೊಳ್ಳಿ: ಬಾಕಿ ಸಾಲ 42 ಲಕ್ಷ, ಆ ತಿಂಗಳ ಬಡ್ಡಿ 28,000, ಕಂತು 40,150. ಶೇ 5ರಂತೆ ಏರಿ ಬಂದ ಬಾಡಿಗೆ 19,100. ಕಂತಿರಲಿ, ಬಡ್ಡಿಗೂ ಅದು ಸಾಲದು. ಹೊಸ ಊರಿನ ಬಾಡಿಗೆ ಬೇರೆ ಕಟ್ಟಬೇಕು. ಹೀಗೆ ಕೊಟ್ಟ ಮನೆಯ ಬಾಡಿಗೆ ಆದಾಯಕ್ಕೆ, ಬಡ್ಡಿ ಕಳೆದ ಬಳಿಕ, ಬಹುಪಾಲು ತೆರಿಗೆ ಬೀಳುವುದಿಲ್ಲ ಎಂಬುದಷ್ಟೇ ಅನುಕೂಲ. ಹಿಂದಿರುಗುವುದು ಖಚಿತವಿದ್ದವರು, ನಿವೃತ್ತಿಯ ಬಳಿಕ ಇಲ್ಲಿಯೇ ನೆಲೆಸುವವರು ತಿಂಗಳಿಗೆ 21,000 ರೂಪಾಯಿಯ ಈ ಕೊರತೆಯನ್ನು ಹೊರಲು ಸಿದ್ಧರಿದ್ದರೆ ಹದಿನೈದನೆಯ ವರ್ಷದ ಕಂಬಸಾಲನ್ನು ನೋಡಿ ನಿರ್ಧರಿಸಬಹುದು. ಹಿಂದಿರುಗುವುದು ಖಚಿತವಿಲ್ಲದವರು ನೋಡಬೇಕಾದದ್ದು ಐದನೆಯ ವರ್ಷದ ಕಂಬಸಾಲನ್ನು, ಅದರಲ್ಲಿಯೂ ಶೇ 4ರ ಸಾಲನ್ನು, ಏಕೆಂದರೆ ವರ್ಗಾವಣೆಯ ಆದೇಶ ಕೈಗೆ ಬಂದವರು ಬೆಲೆ ಏರುವ ತನಕ ಕಾದು ಮಾರಲಾರರು.